ಒಂಬತ್ತನೇ ತರಗತಿಗೆ ಯೋಗ ಮತ್ತು ಉಸಿರಾಟದ ಘಟಕ: ಯಾವ ಪ್ರಾಣಾಯಾಮ, ಎಷ್ಟು ಪಾಠ, ಯಾವ ತಿಂಗಳು

ಪ್ರೌಢಶಾಲೆಯ ದೈಹಿಕ ಶಿಕ್ಷಣದ ಅವಧಿಗಳಲ್ಲಿ ಯೋಗವನ್ನು ಒಂದು ಘಟಕವಾಗಿ ಕಲಿಸಲು ಹೊರಟ ಶಿಕ್ಷಕರು ಸಾಮಾನ್ಯವಾಗಿ ಮೊದಲು ಆಸನಗಳ ಪಟ್ಟಿಯನ್ನು ಬರೆದುಕೊಳ್ಳುತ್ತಾರೆ. ಪ್ರಾಣಾಯಾಮವನ್ನು ಕೊನೆಯಲ್ಲಿ, ಉಳಿದ ಐದು ನಿಮಿಷಕ್ಕೆ ಸೇರಿಸುತ್ತಾರೆ. ಧಾರವಾಡ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಈ ಕೆಲಸ ಮಾಡುತ್ತ ಬಂದಿರುವ ನಾನೂ ಹಲವು ವರ್ಷ ಹಾಗೆಯೇ ಮಾಡಿದೆ. ಆದರೆ ಆಸನದ ತಪ್ಪು ಕಣ್ಣಿಗೆ ಕಾಣುತ್ತದೆ, ಕೈ ಹಿಡಿದು ತಿದ್ದಬಹುದು. ಉಸಿರಾಟದ ತಪ್ಪು ಕಾಣುವುದಿಲ್ಲ. ಕಾಣಿಸಿಕೊಳ್ಳುವ ಹೊತ್ತಿಗೆ ಮಗು ತಲೆ ಹಿಡಿದುಕೊಂಡು ಕುಳಿತಿರುತ್ತದೆ. ಆದ್ದರಿಂದ ಇಲ್ಲಿ ಉಸಿರಾಟದ ಆಯ್ಕೆಯನ್ನು ಮೊದಲು ಹೋಲಿಸಿ, ಅದಕ್ಕೆ ತಕ್ಕಂತೆ ವೇಳಾಪಟ್ಟಿಯನ್ನು ಮತ್ತು ತಿಂಗಳನ್ನು ಗೊತ್ತುಮಾಡುವ ಕ್ರಮವನ್ನು ವಿವರಿಸಿದ್ದೇನೆ. ಗಮನದಲ್ಲಿರುವುದು ಹದಿಮೂರರಿಂದ ಹದಿನೈದು ವರ್ಷದ ಮಕ್ಕಳು, ಅಂದರೆ ಎಂಟು ಮತ್ತು ಒಂಬತ್ತನೇ ತರಗತಿ.

ಜೂನ್ 21ರ ಯೋಗ ದಿನಕ್ಕೆಂದು ಆಯುಷ್ ಸಚಿವಾಲಯ ರೂಪಿಸಿದ ಸಾಮಾನ್ಯ ಯೋಗ ಪ್ರೋಟೊಕಾಲನ್ನೇ ಘಟಕವೆಂದು ಇಟ್ಟುಕೊಂಡರಾಗದೇ ಎಂದು ಅನೇಕರು ಕೇಳುತ್ತಾರೆ. ಅದು ನಲವತ್ತೈದು ನಿಮಿಷದ ಅಭ್ಯಾಸಕ್ರಮ. ನಮ್ಮ ಅವಧಿ ನಲವತ್ತು ನಿಮಿಷದ್ದು, ಅದರಲ್ಲಿ ಜಮಖಾನೆ ಹಾಸಿ ಮಕ್ಕಳು ಕುಳಿತುಕೊಳ್ಳುವುದಕ್ಕೇ ಐದಾರು ನಿಮಿಷ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲರೂ ಒಟ್ಟಿಗೆ ಒಂದು ದಿನ ಮಾಡುವುದಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಒಂದೊಂದು ಅಭ್ಯಾಸಕ್ಕೆ ಸಿಗುವ ಎರಡು ಮೂರು ನಿಮಿಷದಲ್ಲಿ ಕಲಿಸುವ ಕೆಲಸ ಆಗುವುದಿಲ್ಲ. ಅದರಿಂದ ಆರಿಸಿಕೊಳ್ಳಬೇಕು. ಯಾವುದನ್ನು ಎಂಬುದೇ ಪ್ರಶ್ನೆ.

ಮೊದಲು ಬಿಸಿಯೂಟದ ಲೆಕ್ಕ

ಆಯ್ಕೆಗೆ ಮೊದಲು ನಿಮ್ಮ ಅವಧಿ ದಿನದ ಯಾವ ಹೊತ್ತಿನಲ್ಲಿ ಬೀಳುತ್ತದೆ ಎಂದು ನೋಡಿಕೊಳ್ಳಬೇಕು. ಹೊಟ್ಟೆಯನ್ನು ಒತ್ತುವ ಆಸನಗಳಿಗೂ ಕಪಾಲಭಾತಿಗೂ ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು ಎಂಬುದು ರೂಢಿಯ ನಿಯಮ. ಬಹುತೇಕ ಶಾಲೆಗಳಲ್ಲಿ ಆಟದ ಅವಧಿ ದಿನದ ಕೊನೆಗೆ ಇರುತ್ತದೆ. ಒಂದೂವರೆಯ ಸುಮಾರಿಗೆ ಅನ್ನ ಸಾರು ಉಂಡ ಮಗು ಮೂರೂವರೆಗೆ ನಿಮ್ಮ ಮುಂದೆ ನಿಂತರೆ ಕಳೆದಿರುವುದು ಎರಡೇ ಗಂಟೆ. ಆ ಹೊತ್ತಿಗೆ ಧನುರಾಸನವಾಗಲಿ ಕಪಾಲಭಾತಿಯಾಗಲಿ ಸಲ್ಲದು. ನಿಂತು ಮಾಡುವ ಆಸನ, ನಿಧಾನದ ಉಸಿರಾಟ, ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ ಇವುಗಳಿಗೆ ಅಡ್ಡಿಯಿಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿ ಬಿಸಿಯೂಟಕ್ಕೆ ಮುಂಚಿನ ಅವಧಿಯನ್ನು ಪಡೆಯಲು ಸಾಧ್ಯವಾದರೆ ಆಯ್ಕೆ ವಿಸ್ತರಿಸುತ್ತದೆ, ಆದರೆ ಬೆಳಗಿನ ಹಾಲನ್ನು ಆಗಲೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಣಿತದ ಶಿಕ್ಷಕರು ಬೆಳಗಿನ ಅವಧಿಯನ್ನು ಬಿಟ್ಟುಕೊಡುತ್ತಾರೆಯೇ ಎಂಬುದು ಬೇರೆ ಮಾತು.

ನಾಲ್ಕು ಬಗೆಯ ಉಸಿರಾಟ, ತರಗತಿಯ ಕಣ್ಣಿನಿಂದ

ಮಕ್ಕಳು ಎಲ್ಲಕ್ಕಿಂತ ಮೊದಲು ಕೇಳುವುದು ಕಪಾಲಭಾತಿಯನ್ನು, ಏಕೆಂದರೆ ಟಿ.ವಿ.ಯಲ್ಲಿ ನೋಡಿರುತ್ತಾರೆ. ಇದರಲ್ಲಿ ಉಸಿರನ್ನು ಹೊರಹಾಕುವುದು ಹೊಟ್ಟೆಯ ಸ್ನಾಯುಗಳ ಕೆಲಸ. ಒಳಬರುವುದು ತಾನಾಗಿಯೇ ಆಗಬೇಕು. ಹಠಯೋಗಪ್ರದೀಪಿಕೆ ಇದನ್ನು ಪ್ರಾಣಾಯಾಮಗಳ ಜೊತೆ ಸೇರಿಸದೆ ಆರು ಶುದ್ಧಿಕ್ರಿಯೆಗಳಲ್ಲಿ ಒಂದಾಗಿ ಹೇಳಿದೆ ಎಂಬುದನ್ನು ನೆನಪಿಡುವುದು ಒಳ್ಳೆಯದು. ತರಗತಿಯಲ್ಲಿ ಆಗುವ ತಪ್ಪು ಒಂದೇ, ಆದರೆ ಅದು ಎಲ್ಲರಿಗೂ ಆಗುತ್ತದೆ: ಶಿಕ್ಷಕರ ಎಣಿಕೆಯ ವೇಗಕ್ಕೆ ಸರಿಸಮ ಬರಲು ಮಗು ಉಸಿರನ್ನು ಬಲವಾಗಿ ಒಳಗೂ ಎಳೆಯತೊಡಗುತ್ತದೆ, ಭುಜ ಮೇಲೆ ಕೆಳಗೆ ಆಡುತ್ತದೆ, ಹೊಟ್ಟೆ ಸುಮ್ಮನಿರುತ್ತದೆ. ಆಗ ಅದು ಕಪಾಲಭಾತಿಯಾಗಿ ಉಳಿಯುವುದಿಲ್ಲ. ಅತಿಯಾಗಿ ಉಸಿರಾಡುವುದಷ್ಟೇ ಆಗುತ್ತದೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದು ಇಳಿದಾಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ, ತುಟಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜೋಮು ಹಿಡಿದಂತಾಗುತ್ತದೆ.

ನನ್ನ ತಪ್ಪನ್ನೇ ಹೇಳುತ್ತೇನೆ. ಒಮ್ಮೆ ಸೀಟಿಯ ಲಯಕ್ಕೆ ಇಡೀ ತರಗತಿಯಿಂದ ಕಪಾಲಭಾತಿ ಮಾಡಿಸಿದೆ. ಲಯ ಜೋರಾದಷ್ಟೂ ಮಕ್ಕಳಿಗೆ ಹುಮ್ಮಸ್ಸು. ಮೂರನೆಯ ಸುತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ, "ಸರ್, ಬೆರಳು ಜುಮ್ ಅನ್ನಾಕತ್ತಾವ್ರಿ, ತಲಿ ಗಿರ್ ಅಂತೈತ್ರಿ" ಎಂದ. ಅವನನ್ನು ಒರಗಿಸಿ ಕೂರಿಸಿ, ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲಗೆ ಉಸಿರಾಡಲು ಹೇಳಿ, ಮನೆಯ ಎಮ್ಮೆಯ ಬಗ್ಗೆ ಮಾತಾಡಿಸಿದೆ. ಕೆಲವು ನಿಮಿಷಗಳಲ್ಲಿ ಸರಿಹೋದ. ಅವನಿಗೆ ಏನೂ ಆಗಲಿಲ್ಲ ಎಂಬುದು ನಿಜ, ಆದರೆ ಅಂದು ನನಗೆ ತಿಳಿದ ಸಂಗತಿ ಬೇರೆ: ನಲವತ್ತಾರು ಹೊಟ್ಟೆಗಳನ್ನು ಏಕಕಾಲಕ್ಕೆ ನೋಡುವುದು ಒಬ್ಬ ಶಿಕ್ಷಕನಿಂದ ಆಗದ ಕೆಲಸ. ಅದರ ಮೇಲೆ, ಬಿರುಸಿನ ಉಸಿರಾಟವು ಕೆಲವು ಬಗೆಯ ಮೂರ್ಛೆರೋಗವನ್ನು ಕೆರಳಿಸಬಲ್ಲದು; ವೈದ್ಯರು ಇ.ಇ.ಜಿ. ತೆಗೆಯುವಾಗ ರೋಗಿಗೆ ಬೇಕೆಂದೇ ಹಾಗೆ ಉಸಿರಾಡಿಸುವುದು ಇದೇ ಕಾರಣಕ್ಕೆ. ಉಸಿರನ್ನು ಒಳಗೂ ಹೊರಗೂ ಬಲವಾಗಿ ಆಡಿಸುವ ಭಸ್ತ್ರಿಕಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ಇಡೀ ತರಗತಿಗೆ ಕಪಾಲಭಾತಿ ಬೇಡ ಎಂಬುದು ನನ್ನ ನಿರ್ಣಯ. ಕುಂಭಕದ, ಅಂದರೆ ಉಸಿರು ಹಿಡಿಯುವ ಅಭ್ಯಾಸದ ವಿಚಾರವಂತೂ ಚರ್ಚೆಗೇ ಬರಬಾರದು; ಈ ವಯಸ್ಸಿನವರ ಮುಂದೆ ಉಸಿರು ಹಿಡಿಯಿರಿ ಎಂದರೆ ಅದು ತಕ್ಷಣ ಪಂದ್ಯವಾಗುತ್ತದೆ.

ಎರಡನೆಯದು ನಾಡಿಶೋಧನ. ಎಡ ಹೊಳ್ಳೆಯಿಂದ ಒಳಗೆ, ಬಲದಿಂದ ಹೊರಗೆ, ಬಲದಿಂದ ಒಳಗೆ, ಎಡದಿಂದ ಹೊರಗೆ. ಇಷ್ಟಾದರೆ ಒಂದು ಸುತ್ತು. ಅಪಾಯ ಕಡಿಮೆ, ಶಿಸ್ತು ಹೆಚ್ಚು. ಆದರೆ ಬೆರಳುಗಳ ಕ್ರಮ ಕೈಗೆ ಹತ್ತುವುದಕ್ಕೇ ಎರಡು ಪಾಠ ಹಿಡಿಯುತ್ತದೆ, ಅಷ್ಟು ಹೊತ್ತೂ ಮಗುವಿನ ಗಮನ ಬೆರಳ ಮೇಲಿರುತ್ತದೆಯೇ ಹೊರತು ಉಸಿರಿನ ಮೇಲಿರುವುದಿಲ್ಲ. ಮೊಣಕೈ ಸೋತು ಕೆಳಗಿಳಿದಂತೆ ತಲೆಯೂ ವಾಲುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ನೆಗಡಿ: ಒಂದು ಹೊಳ್ಳೆ ಕಟ್ಟಿದ ಮಗು ಉಸಿರಿಗಾಗಿ ಹೆಣಗುತ್ತದೆ, ಸಾಲದ್ದಕ್ಕೆ ಮೂಗು ಮುಟ್ಟಿದ ಕೈಯನ್ನು ಪಕ್ಕದವರ ಮೇಲೂ ಇಡುತ್ತದೆ. ಘಟಕದ ಕೊನೆಗೆ, ಕೈ ತೊಳೆದುಕೊಂಡ ಮೇಲೆ, ಹಿಡಿದಿಡದೆ ಮಾಡುವ ನಾಲ್ಕಾರು ಸುತ್ತಿಗೆ ಇದು ತಕ್ಕುದು. ಆರಂಭಕ್ಕಲ್ಲ.

ಮೂರನೆಯದಾದ ಭ್ರಾಮರಿಯನ್ನು ಶಿಕ್ಷಕರು ಕಡೆಗಣಿಸುವುದನ್ನು ಕಂಡಿದ್ದೇನೆ, ಮಕ್ಕಳು ನಗುತ್ತಾರೆಂಬ ಕಾರಣಕ್ಕೆ. ನಗುತ್ತಾರೆ, ನಿಜ, ಎಂಟನೇ ತರಗತಿಯಲ್ಲಿ ಮೊದಲ ದಿನ ಪಾಠವೇ ನಡೆಯದಷ್ಟು ನಗುತ್ತಾರೆ, ಎರಡನೆಯ ದಿನ ಅರ್ಧ, ಮೂರನೆಯ ದಿನಕ್ಕೆ ಸಾಕಾಗುತ್ತದೆ. ಆದರೆ ಕಾಣದ ಉಸಿರನ್ನು ಕಿವಿಗೆ ಕೇಳಿಸುವ ಅಭ್ಯಾಸ ಇದೊಂದೇ. ಗುಂಯ್ ಎನ್ನುವ ನಾದ ಎಷ್ಟು ಹೊತ್ತು ನಿಲ್ಲುತ್ತದೆಯೋ ಅಷ್ಟು ಹೊತ್ತು ಹೊರಗಿನ ಉಸಿರು. ನಾದ ನಡುಗಿದರೆ ಮಗು ಶಕ್ತಿಮೀರಿ ಎಳೆಯುತ್ತಿದೆ; ನಾದ ನಿಂತ ಕೂಡಲೇ ಬಾಯಿ ತೆರೆದು ಗಪ್ಪನೆ ಉಸಿರು ಎಳೆದುಕೊಂಡರೆ ಅದು ಖಚಿತ. ತರಗತಿಯ ಹಿಂದೆ ನಿಂತ ಶಿಕ್ಷಕರಿಗೂ ಇದು ಕೇಳಿಸುತ್ತದೆ. ಎಲ್ಲರ ನಾದ ಒಟ್ಟಿಗೆ ನಿಲ್ಲಬೇಕೆಂದು ಹಟ ಹಿಡಿಯಬಾರದು; ಚಿಕ್ಕ ಮೈಯವರದು ಬೇಗ ಮುಗಿಯುತ್ತದೆ, ಮುಗಿಯಲಿ. ಕಣ್ಣಿನ ಮೇಲೆ ಬೆರಳಿಟ್ಟು ಮಾಡುವ ಷಣ್ಮುಖಿ ಮುದ್ರೆಯನ್ನು ಬಿಟ್ಟುಬಿಡುವುದು ಲೇಸು, ಮಕ್ಕಳು ಕಣ್ಣನ್ನು ಒತ್ತಿಕೊಳ್ಳುತ್ತಾರೆ. ಹೆಬ್ಬೆರಳಿನಿಂದ ಕಿವಿಯ ಮುಂದಿನ ಮೃದ್ವಸ್ಥಿಯನ್ನು ಹಗುರವಾಗಿ ಮುಚ್ಚಿಕೊಂಡರೆ ಸಾಕು.

ನಾಲ್ಕನೆಯದಕ್ಕೆ ಆಕರ್ಷಕ ಹೆಸರಿಲ್ಲ: ಮೂಗಿನಿಂದ ಒಳಗೆಳೆದು, ಅದಕ್ಕಿಂತ ತುಸು ಹೆಚ್ಚು ಹೊತ್ತು ಮೂಗಿನಿಂದಲೇ ಬಿಡುವುದು. ಈ ವಯಸ್ಸಿನವರು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಹೆಚ್ಚುಕಡಿಮೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತಾರೆ. ಉಸಿರು ಹೊರಹೋಗುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಸ್ವಲ್ಪ ನಿಧಾನಗೊಳ್ಳುತ್ತದೆ, ಒಳಬರುವಾಗ ಚುರುಕಾಗುತ್ತದೆ. ನಿಮಿಷಕ್ಕೆ ಆರರ ಸುಮಾರಿಗೆ ಉಸಿರಾಟ ಇಳಿದಾಗ ಈ ಏರಿಳಿತ ಎದ್ದು ಕಾಣುವಷ್ಟು ದೊಡ್ಡದಾಗುತ್ತದೆ. ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ ಎಂದರೆ ನಿಮಿಷಕ್ಕೆ ಆರು ಉಸಿರು. ಆದರೆ ಅಲ್ಲಿಗೆ ಮೊದಲ ದಿನವೇ ಹೋಗಬಾರದು. ಮೂರು ಒಳಗೆ ಮೂರು ಹೊರಗೆ ಎಂದು ಆರಂಭಿಸಿ, ಮೂರಕ್ಕೆ ಐದು ಮಾಡಿ, ಆಮೇಲೆ ನಾಲ್ಕಕ್ಕೆ ಆರು. ಎಣಿಸುವ ಶಿಕ್ಷಕರು ಗಡಿಯಾರ ನೋಡಿ ಎಣಿಸಬೇಕು, ಏಕೆಂದರೆ ಶಾಂತವಾಗಿ ಹೇಳುವ ಭರದಲ್ಲಿ ನಮ್ಮ ಒಂದು ಎಣಿಕೆ ಒಂದೂವರೆ ಸೆಕೆಂಡಾಗುತ್ತದೆ, ಮಕ್ಕಳು ಉಸಿರಿಗೆ ತಡಕಾಡುತ್ತಾರೆ. ಪದೇ ಪದೇ ಆಕಳಿಕೆ, ನಡುವೆ ಒಂದು ದೊಡ್ಡ ನಿಟ್ಟುಸಿರು, ಕಿವಿಯತ್ತ ಏರುವ ಭುಜ: ಇವುಗಳಲ್ಲಿ ಯಾವುದು ಕಂಡರೂ ಎಣಿಕೆ ಆ ಮಗುವಿಗೆ ಉದ್ದವಾಯಿತೆಂದೇ ಅರ್ಥ. ಎರಡನೆಯ ವಾರದಿಂದ ಶಿಕ್ಷಕರ ಎಣಿಕೆಯನ್ನು ನಿಲ್ಲಿಸಿ, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮನಸ್ಸಿನಲ್ಲೇ ಎಣಿಸಿಕೊಳ್ಳಲು ಬಿಡುವುದು ಉತ್ತಮ. ಉಳಿಯಬೇಕಾದದ್ದು ಹೊರಗಿನ ಉಸಿರು ಉದ್ದವೆಂಬ ಪ್ರಮಾಣ ಮಾತ್ರ.

ಕಣ್ಣು ಮುಚ್ಚಬೇಕೆಂಬ ಆಜ್ಞೆಯೂ ಬೇಡ. ಕೆಲವರಿಗೆ ಕಣ್ಣು ಮುಚ್ಚಿ ಉಸಿರನ್ನೇ ಗಮನಿಸಿದರೆ ಎದೆಬಡಿತ ಹೆಚ್ಚಾಗಿ ಕಳವಳವಾಗುತ್ತದೆ. ಅಂಥವರು ಎದುರಿನ ಗೋಡೆಯ ಒಂದು ಗುರುತನ್ನು ನೋಡುತ್ತ ಕುಳಿತರೆ ಸಾಕು, ಕಾರಣವನ್ನು ಯಾರೂ ಕೇಳುವುದಿಲ್ಲ ಎಂದು ಮೊದಲೇ ಹೇಳಿಡಬೇಕು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಯಾವ ಆಸನವನ್ನು ಬಿಟ್ಟರೂ ಇದೇ ನಿಯಮ.

ಒಟ್ಟಿಗೆ ಕಲಿಸುವುದೋ, ಹಂಚಿ ಕಲಿಸುವುದೋ

ಇಷ್ಟು ತೀರ್ಮಾನವಾದ ಮೇಲೆ ವೇಳೆಯ ಪ್ರಶ್ನೆ. ವಾರಕ್ಕೆ ಎರಡು ಅವಧಿ ಇರುವ ಶಾಲೆಯಲ್ಲಿ ಹನ್ನೆರಡು ಪಾಠಗಳನ್ನು ಆರು ವಾರಗಳಲ್ಲಿ ಒಂದೇ ಸಮನೆ ಮುಗಿಸಬಹುದು. ಕಲಿತದ್ದು ಮರೆಯುವ ಮೊದಲೇ ಮುಂದಿನ ಪಾಠ ಬರುತ್ತದೆ ಎಂಬುದು ಇದರ ಲಾಭ. ನಷ್ಟವೆಂದರೆ ಆರು ವಾರ ಮಕ್ಕಳು ಓಡುವುದಿಲ್ಲ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಮಟ್ಟದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಧಾನದ ಆಸನ ಮತ್ತು ಪ್ರಾಣಾಯಾಮ ಆ ಲೆಕ್ಕಕ್ಕೆ ಬರುವುದಿಲ್ಲ. ಖೋ ಖೋ, ಕಬಡ್ಡಿ ಬಿಟ್ಟು ಕುಳಿತ ಮಕ್ಕಳ ಮುಖ ನೋಡಿದರೂ ಇದು ತಿಳಿಯುತ್ತದೆ. ವಾರಕ್ಕೊಂದರಂತೆ ಹನ್ನೆರಡು ವಾರ ಹಂಚಿದರೆ ಆಟ ಉಳಿಯುತ್ತದೆ, ಆದರೆ ಒಂದು ರಜೆ ಬಿದ್ದರೆ ಹದಿನಾಲ್ಕು ದಿನಗಳ ಅಂತರವಾಗಿ ಮೂರಕ್ಕೆ ಐದೋ ಐದಕ್ಕೆ ಮೂರೋ ಎಂದು ಮಕ್ಕಳು ಕೇಳುತ್ತಾರೆ. ದಿನವೂ ಪ್ರಾರ್ಥನೆಯ ಬಳಿಕ ಐದು ನಿಮಿಷ ಮಾಡಿಸುವುದು ಮೂರನೆಯ ದಾರಿ. ಅಭ್ಯಾಸಕ್ಕೆ ಅದು ಬಹಳ ಒಳ್ಳೆಯದು, ಕಲಿಕೆಗೆ ಕೆಟ್ಟದ್ದು, ಏಕೆಂದರೆ ಬಿಸಿಲಲ್ಲಿ ನಿಂತ ಮುನ್ನೂರು ಮಕ್ಕಳಲ್ಲಿ ಯಾರು ತಪ್ಪುತ್ತಿದ್ದಾರೆಂದು ಯಾರಿಗೂ ಕಾಣದು.

ನಾನು ಈಗ ಅನುಸರಿಸುವುದು ಎರಡರ ನಡುವಿನ ಕ್ರಮ: ಮೊದಲ ಮೂರು ವಾರ ಎರಡೂ ಅವಧಿ ಯೋಗಕ್ಕೆ, ಆಮೇಲಿನ ಆರು ವಾರ ಒಂದು ಅವಧಿ ಯೋಗಕ್ಕೆ, ಒಂದು ಆಟಕ್ಕೆ. ಪಾಠಗಳು ಹನ್ನೆರಡೇ, ವಾರ ಒಂಬತ್ತು.

ತಿಂಗಳ ಆಯ್ಕೆಯಲ್ಲಿ ನಮ್ಮ ಭಾಗದ ಹವೆಯನ್ನು ಮರೆಯುವಂತಿಲ್ಲ. ಜೂನ್–ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಮೈದಾನ ಕೆಸರಾಗಿರುತ್ತದೆ, ಒಳಗೆ ಕುಳಿತು ಮಾಡುವ ಯೋಗಕ್ಕೆ ಇದೇ ಸಮಯ ಎನಿಸುತ್ತದೆ. ಆದರೆ ಆಗಲೇ ಮಕ್ಕಳ ಮೂಗು ಸೋರುತ್ತಿರುತ್ತದೆ. ಸ್ವಲ್ಪ ದಿನಕ್ಕೆ ವಲಯ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಶುರುವಾಗಿ ಶಿಕ್ಷಕರೇ ಶಾಲೆಯಲ್ಲಿರುವುದಿಲ್ಲ. ಗದಗಿನ ಕಡೆ ಮಳೆ ಕಡಿಮೆ, ಮೊದಲ ತೊಡಕು ಅಲ್ಲಿ ಅಷ್ಟಿಲ್ಲ, ಎರಡನೆಯದು ಇದ್ದೇ ಇದೆ. ಬ್ಯಾಡಗಿಯ ಸುತ್ತಲಿನ ಶಾಲೆಗಳವರು ಜನವರಿಯಿಂದ ಮುಂದಿನ ತಿಂಗಳುಗಳನ್ನು ತಪ್ಪಿಸಬೇಕು; ಮೆಣಸಿನಕಾಯಿ ಮಾರುಕಟ್ಟೆ ತುಂಬಿರುವಾಗ ಗಾಳಿ ಬೀಸಿದರೆ ಘಾಟಿಗೆ ಆಳವಾದ ಉಸಿರು ಕೆಮ್ಮಿನಲ್ಲಿ ಮುಗಿಯುತ್ತದೆ. ಇದನ್ನೆಲ್ಲ ಕೂಡಿಸಿ ಕಳೆದರೆ ದೀಪಾವಳಿಯ ಹೊಗೆ ಕರಗಿದ ನಂತರದ ವಾರದಿಂದ ಆರಂಭಿಸುವುದೇ ಎಲ್ಲರಿಗೂ ಹೊಂದುವ ಕಾಲ.

ಒಂದು ತರಗತಿಯ ಯೋಜನೆ

ಒಂಬತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ, ಖಾಲಿ ಕೊಠಡಿ ಇರುವುದು 20 ಅಡಿಗೆ 25 ಅಡಿ, ಅವಧಿ ಮಧ್ಯಾಹ್ನ ಮೂರೂವರೆಗೆ ಎಂದು ಇಟ್ಟುಕೊಳ್ಳೋಣ. ಕೈ ಚಾಚಿ ಮಲಗಲು ಒಬ್ಬರಿಗೆ ಸುಮಾರು 20 ಚದರ ಅಡಿ ಬೇಕು; 500 ಚದರ ಅಡಿಯಲ್ಲಿ 25 ಮಂದಿ ಹಿಡಿಸುತ್ತಾರೆ. ಆದ್ದರಿಂದ ಜೋಡಿ ಮಾಡಿ, ಒಬ್ಬರು ಆಸನ ಮಾಡುವಾಗ ಇನ್ನೊಬ್ಬರು ಗೋಡೆಬದಿ ನಿಂತು ನೋಡಬೇಕು. ಇದರಿಂದ ಆಸನದ ಸಮಯ ಅರ್ಧವಾಗುತ್ತದೆ, ಆದರೆ ಶಿಕ್ಷಕರಿಗೆ 23 ಜೋಡಿ ಕಣ್ಣು ಸಿಗುತ್ತವೆ.

ಘಟಕಕ್ಕೆ ಒಂದು ವಾರ ಮೊದಲು ಮನೆಗೆ ಒಂದು ಚೀಟಿ ಕಳಿಸಬೇಕು. ದಮ್ಮು ಇದೆಯೇ, ಎಂದಾದರೂ ಫಿಟ್ಸ್ ಬಂದಿದೆಯೇ, ಹೃದಯದ ತೊಂದರೆ ಇದೆಯೇ, ಕಳೆದ ಆರು ತಿಂಗಳಲ್ಲಿ ಆಪರೇಷನ್ ಆಗಿದೆಯೇ ಎಂಬ ನಾಲ್ಕೇ ಪ್ರಶ್ನೆ. ದಮ್ಮಿನ ಮಗು ನಿಧಾನದ ಉಸಿರಾಟ ಮಾಡಬಹುದು, ಇನ್ಹೇಲರ್ ಚೀಲದಲ್ಲಿರಬೇಕು, ಉಬ್ಬಸ ಬಂದ ದಿನ ಅಭ್ಯಾಸವಿಲ್ಲ. ಯೋಗ ಕಲಿತೆನೆಂದು ಔಷಧ ಬಿಡಬಾರದೆಂಬುದನ್ನು ಪಾಲಕರಿಗೂ ಬರೆದು ತಿಳಿಸಬೇಕು. ಚೀಟಿಯಲ್ಲಿ ಬಾರದ ಒಂದು ಸಂಗತಿ ಮೊಣಕಾಲು. ಮೈ ಬೇಗ ಬೆಳೆಯುವ ಈ ವರ್ಷಗಳಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಬರುವುದು ಸಾಮಾನ್ಯ, ಜಿಗಿದು ಆಡುವ ಹುಡುಗರಲ್ಲಿ ಹೆಚ್ಚು. ಅಂಥವರಿಗೆ ವಜ್ರಾಸನ ಶಿಕ್ಷೆ. ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂರಲಿ. ಮುಂದೆ ಬಾಗಿದಾಗ ಕೈ ಪಾದ ಮುಟ್ಟದಿದ್ದರೆ ಬೆನ್ನು ಒತ್ತಬಾರದು, ಮೂಳೆ ಬೆಳೆದಷ್ಟು ವೇಗದಲ್ಲಿ ತೊಡೆಯ ಹಿಂಭಾಗದ ಸ್ನಾಯು ಇನ್ನೂ ಉದ್ದವಾಗಿರುವುದಿಲ್ಲ.

ನಲವತ್ತು ನಿಮಿಷದ ಹಂಚಿಕೆ ಹೀಗಿರುತ್ತದೆ: ಹಾಸಿ ಕೂರಲು ಐದು, ಮೈ ಸಡಿಲಿಸಲು ಐದು, ಎರಡು ಸರದಿಯ ಆಸನಕ್ಕೆ ಹದಿನಾಲ್ಕು, ಉಸಿರಾಟಕ್ಕೆ ಎಂಟು, ಶವಾಸನಕ್ಕೆ ಎರಡು ಸರದಿಯಲ್ಲಿ ಆರು, ಮಡಚಿ ಹೊರಡಲು ಎರಡು. ಆಸನಗಳು ತಾಡಾಸನ, ವೃಕ್ಷಾಸನ, ಅರ್ಧಕಟಿ ಚಕ್ರಾಸನ, ತ್ರಿಕೋನಾಸನ. ಊಟವಾಗಿ ಎರಡೇ ಗಂಟೆಯಾಗಿರುವುದರಿಂದ ಹೊಟ್ಟೆಯ ಮೇಲೆ ಮಲಗುವ ಭುಜಂಗಾಸನವನ್ನೂ ಇಲ್ಲಿ ಸೇರಿಸಿಲ್ಲ. ಶೀರ್ಷಾಸನ, ಸರ್ವಾಂಗಾಸನ ಇಷ್ಟು ಮಕ್ಕಳ ತರಗತಿಗೆ ಸಲ್ಲುವುದಿಲ್ಲ.

ಮೊದಲ ಪಾಠದಲ್ಲಿ ಉಸಿರನ್ನು ಬದಲಿಸುವುದೇ ಇಲ್ಲ. ಮಣಿಕಟ್ಟಿನ ನಾಡಿ ಹುಡುಕಿ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದನ್ನು ಕಲಿಸಬೇಕು. ಹೆಬ್ಬೆರಳಿನಿಂದ ಹಿಡಿದರೆ ಆ ಬೆರಳಿನ ಬಡಿತವೂ ಸೇರುತ್ತದೆ, ನಡುಬೆರಳುಗಳಿಂದ ಹಿಡಿಯಲಿ. ಉಸಿರನ್ನೇ ಎಣಿಸಿಕೊಳ್ಳಿ ಎನ್ನಬಾರದೇಕೆಂದರೆ ಎಣಿಸಲು ತೊಡಗಿದ ಕ್ಷಣವೇ ಉಸಿರು ಬದಲಾಗುತ್ತದೆ, ನಾಡಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎರಡನೆಯ ಮತ್ತು ಮೂರನೆಯ ಪಾಠದಲ್ಲಿ ಮೂರಕ್ಕೆ ಮೂರು, ನಾಲ್ಕರಿಂದ ಆರರವರೆಗೆ ಮೂರಕ್ಕೆ ಐದು. ಇಲ್ಲಿಗೆ ಮೊದಲ ಮೂರು ವಾರ ಮುಗಿಯುತ್ತವೆ. ಏಳು ಮತ್ತು ಎಂಟರಲ್ಲಿ ನಾಲ್ಕಕ್ಕೆ ಆರು, ಅದೂ ಹಿಂದಿನದು ಹಗುರವಾದವರಿಗೆ ಮಾತ್ರ. ಒಂಬತ್ತು ಮತ್ತು ಹತ್ತು ಭ್ರಾಮರಿಗೆ, ಹನ್ನೊಂದು ನಾಡಿಶೋಧನದ ಪರಿಚಯಕ್ಕೆ. ಏಳನೆಯ ಪಾಠದಿಂದ ತರಗತಿಯ ಶಿಕ್ಷಕರು ಒಪ್ಪಿದರೆ ಬೆಳಗಿನ ಮೊದಲ ಅವಧಿಗೆ ಮುನ್ನ ಮೂರು ನಿಮಿಷ, ಬೆಂಚಿನ ಮೇಲೆ ಕುಳಿತಲ್ಲಿಯೇ, ಕಲಿತಿರುವ ಎಣಿಕೆಯನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ.

ಹನ್ನೆರಡನೆಯ ಪಾಠ ಮೌಲ್ಯಮಾಪನದ್ದು. ಮೈ ಎಷ್ಟು ಬಾಗಿತು ಎಂಬುದಕ್ಕೆ ಅಂಕ ಕೊಟ್ಟರೆ ಹುಟ್ಟಾ ಬಾಗುವವರಿಗೆ ಬಹುಮಾನ ಕೊಟ್ಟಂತಾಗುತ್ತದೆ. ಅದರ ಬದಲು ಮಗು ತನ್ನ ಜೊತೆಗಾರನ ಉಸಿರಾಟವನ್ನು ಮೂರು ನಿಮಿಷ ನೋಡಿ, ಭುಜ ಏರಿತೇ, ನಿಟ್ಟುಸಿರು ಬಂತೇ, ಎಣಿಕೆ ಕಡಿಮೆ ಮಾಡಬೇಕೇ ಎಂದು ಹೇಳಬೇಕು. ತಪ್ಪನ್ನು ಗುರುತಿಸಿದ್ದಕ್ಕೆ ಅಂಕ. ನಾಡಿಯ ಲೆಕ್ಕ ನೋಟುಪುಸ್ತಕದಲ್ಲಿರಲಿ, ಅಂಕಪಟ್ಟಿಗೆ ಬರುವುದು ಬೇಡ, ಬಂದರೆ ಎಲ್ಲರ ನಾಡಿಯೂ ಬರೆಯುವ ಕೈಯಲ್ಲಿ ಇಳಿಯುತ್ತದೆ. ಇದರಿಂದ ಪರೀಕ್ಷೆಯ ಫಲಿತಾಂಶ ಏರುತ್ತದೆಯೇ ಎಂದು ಪಾಲಕರ ಸಭೆಯಲ್ಲಿ ಕೇಳುವವರಿಗೆ ನಾನು ಹೌದೆನ್ನುವುದಿಲ್ಲ. ಯೋಗವಲ್ಲದಿದ್ದರೂ ಇದಕ್ಕೆ ಹತ್ತಿರದ, ಮೈಂಡ್‌ಫುಲ್‌ನೆಸ್ ಎನ್ನುವ ಸಾವಧಾನದ ಪಾಠಗಳನ್ನು ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಮಕ್ಕಳ ಮನಃಸ್ಥಿತಿಯಲ್ಲಿ ಕಾಣಲಿಲ್ಲ. ಮೌಖಿಕ ಪರೀಕ್ಷೆಗೆ ಹೆಸರು ಕೂಗುವ ಮೊದಲು ನಾಲ್ಕಕ್ಕೆ ಆರರಂತೆ ಹತ್ತು ಉಸಿರು ಆಡಿಕೊಳ್ಳುವುದು ಗೊತ್ತಿರುತ್ತದೆ ಎಂದಷ್ಟೇ ಅವರಿಗೆ ಹೇಳುತ್ತೇನೆ.